ನೂರಕ್ಕೆ ತೊಂಬತ್ತು ಸಾಲಲಿಲ್ಲ

ಶಾಲೆಯೊಂದರ ಗಣಿತ ತರಗತಿಯ 25 ನಿಮಿಷದ ವಿಡಿಯೊ. ಕಿಟಕಿ ಪಕ್ಕ ಕೂತ ಒಬ್ಬ ಹುಡುಗಿಯನ್ನು ಮಾತ್ರ ನೋಡಬೇಕು. 15 ಸೆಕೆಂಡಿಗೊಮ್ಮೆ ಬೀಪ್ ಬರುತ್ತೆ. ಆ ಕ್ಷಣ ಅವಳು ಪಾಠದಲ್ಲಿದ್ದರೆ 1, ಇಲ್ಲದಿದ್ದರೆ 0 ಬರೀಬೇಕು. ಒಟ್ಟು ನೂರು ಬೀಪ್. ಅದೇ ವಿಡಿಯೊವನ್ನು ಸಹೋದ್ಯೋಗಿಯೊಬ್ಬಳು ಬೇರೆ ಕೂತು, ನನ್ನ ಹಾಳೆ ನೋಡದೆ ಕೋಡ್ ಮಾಡಿದಳು.

ಹೋಲಿಸಿದರೆ 90 ಕಡೆ ನಮ್ಮಿಬ್ಬರದೂ ಒಂದೇ! ನನಗೋ ಖುಷಿ. ಆದರೆ ನಮ್ಮ ಮೇಡಂ, "ಕಪ್ಪಾ ಹಾಕಿ ನೋಡ್ರಿ" ಅಂದರು. 1960ರಲ್ಲಿ ಜೇಕಬ್ ಕೋಹೆನ್ ಕೊಟ್ಟ ಲೆಕ್ಕ ಅದು. ಅದೃಷ್ಟದಿಂದ ಆದ ಹೊಂದಾಣಿಕೆಯನ್ನು ಕಳೆದುಬಿಡುತ್ತೆ.

ಇಬ್ಬರೂ 93 ಸಲ 1 ಹಾಕಿದ್ದೆವು, 7 ಸಲ 0. ಇದೇ ಪ್ರಮಾಣದಲ್ಲಿ ಕಣ್ಣು ಮುಚ್ಚಿ ಬರೆದಿದ್ದರೂ ಸುಮಾರು 87 ಕಡೆ ಹೊಂದುತ್ತಿತ್ತು. ಉಳಿದ 13ರಲ್ಲಿ ನಾವು ನಿಜವಾಗಿ ಗಳಿಸಿದ್ದು 3. ಕಪ್ಪಾ ಬರೀ 0.23. ಹುಡುಗಿ ಪಾಠ ಬಿಟ್ಟ ಗಳಿಗೆಗಳು ತೀರಾ ಕಡಿಮೆ. ಅವುಗಳಲ್ಲಿ ಇಬ್ಬರೂ ಒಪ್ಪಿದ್ದು ಎರಡೇ. ನಮ್ಮ ಅಧ್ಯಯನಕ್ಕೆ ಬೇಕಿದ್ದದ್ದು ಅವೇ.

ಹೊಂದದ ಹತ್ತು ಬೀಪ್‌ಗಳನ್ನು ಒಟ್ಟಿಗೆ ಕೂತು ಮತ್ತೆ ನೋಡಿದೆವು. ಐದರಲ್ಲಿ ಅವಳು ಕಿಟಕಿ ಆಚೆ ನೋಡ್ತಿದ್ದಳು. ನಾನು 0 ಹಾಕಿದ್ದೆ.

"ಅಕ್ಕ, ಆಮೇಲೆ ಸರಿ ಉತ್ತರ ಹೇಳಿದ್ಲಲ್ಲ, ಯೋಚನೆ ಮಾಡ್ತಿದ್ಲು" ಅಂದಳು ಸಹೋದ್ಯೋಗಿ.

ಇನ್ನೈದರಲ್ಲಿ ಹುಡುಗಿ ನೋಟ್‌ಬುಕ್ ಮೇಲೆ ಬಾಗಿದ್ದಳು. ನಾನು ಲೆಕ್ಕ ಮಾಡ್ತಿದ್ದಾಳೆ ಅಂದುಕೊಂಡೆ, ಅವಳು ಚಿತ್ರ ಬಿಡಿಸ್ತಿದ್ದಾಳೆ ಅಂದುಕೊಂಡಳು. ಪುಟ ಕ್ಯಾಮೆರಾಗೆ ಕಾಣ್ತಾನೇ ಇರಲಿಲ್ಲ!

ಆಗ ಗೊತ್ತಾಯ್ತು, ಇಬ್ಬರೂ ಕೋಡ್ ಮಾಡಿದ್ದು ಹುಡುಗಿಯ ವರ್ತನೆಯನ್ನಲ್ಲ, ಅವಳ ಮನಸ್ಸನ್ನು. ಅದನ್ನು ವಿಡಿಯೊದಲ್ಲಿ ನೋಡೋಕೆ ಆಗಲ್ಲ. ಕೈಪಿಡಿಯಲ್ಲಿ ನಿಯಮ ತಿದ್ದಿದೆವು: ಬೀಪ್ ಬಂದಾಗ ಕಣ್ಣು ಟೀಚರ್, ಬೋರ್ಡ್, ತನ್ನ ಪುಸ್ತಕ ಅಥವಾ ಮಾತಾಡ್ತಿರುವ ಸಹಪಾಠಿ ಕಡೆ ಇದ್ದರೆ 1, ಬೇರೆಲ್ಲಿದ್ದರೂ 0. ಮುಂದೇನಾಯ್ತು ಅಂತ ನೋಡಿ ಹಿಂದಿನದನ್ನು ತಿದ್ದುವಂತಿಲ್ಲ.

ಚರ್ಚಿಸಿದ ವಿಡಿಯೊದಲ್ಲೇ ಮತ್ತೆ ಅಂಕ ತೆಗೆದರೆ ಮೋಸ, ಉತ್ತರ ಆಗಲೇ ಗೊತ್ತಿರುತ್ತೆ. ಹಾಗಾಗಿ ಬೇರೆ ವಿಡಿಯೊ ತಗೊಂಡು, ಮತ್ತೆ ಬೇರೆಬೇರೆ ಕೂತೆವು. 95 ಕಡೆ ಹೊಂದಿತು. ಈ ಸಲ 0 ಬಿದ್ದ ಕಡೆಯೇ 11 ಹೊಂದಿದ್ದವು. ಕಪ್ಪಾ 0.8ರ ಹತ್ತಿರ.

ಮೇಡಂ ಒಪ್ಪಿದರು. ನನಗೆ ಮಾತ್ರ ಕಿಟಕಿಯ ಹುಡುಗಿ ಮನಸ್ಸಿಂದ ಹೋಗಲಿಲ್ಲ. ಹೊಸ ನಿಯಮದಲ್ಲಿ ಆ ಐದು ಗಳಿಗೆ 0 ಆಗೇ ಆಗುತ್ತವೆ, ಅವಳು ಯೋಚಿಸ್ತಿದ್ದರೂ. ಕಪ್ಪಾ ಹೇಳೋದು ನಾವಿಬ್ಬರೂ ಒಂದೇ ಥರ ನೋಡಿದೆವು ಅಂತ ಅಷ್ಟೇ. ಸರಿಯಾಗಿ ನೋಡಿದೆವು ಅಂತಲ್ಲ. ಅದಕ್ಕೇ ವರದಿಯ ಕರಡಿನಲ್ಲಿ 'ಗಮನ' ಅಂತಿದ್ದ ಕಡೆಯೆಲ್ಲ ಹೊಡೆದುಹಾಕಿ 'ನೋಟದ ದಿಕ್ಕು' ಅಂತ ಬರೆದೆ.