ಆಯಿ ‘ರೀ’ ಬಿಟ್ಟ ಗಳಿಗೆ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಸೀಮೆಯ ಮಾತು ನನಗೆ ಹುಟ್ಟಿನಿಂದ ಬಂದದ್ದು. ಆ ಸೀಮೆಯ ಒಂದು ಕಥೆಯನ್ನು ಇಂಗ್ಲಿಷಿಗೆ ತರಲು ಹೊರಟು ಅದನ್ನು ಪೂರ್ತಿ ಕೆಡಿಸಿದವನೂ ನಾನೇ. ಮಾತು ತಿಳಿಯದೆ ಕೆಡಿಸಿದ್ದಲ್ಲ. ಇದೇ ಕೆಲಸಕ್ಕೆ ಕೈಹಾಕುವ ಕಿರಿಯರು ಈಗ ಹೆಚ್ಚುತ್ತಿರುವುದರಿಂದ, ಅದು ಹೇಗೆ ಕೆಟ್ಟಿತು ಎಂದು ಹೇಳಬೇಕಾಗಿದೆ.

ಕಥೆ ಗೆಳೆಯರೊಬ್ಬರದು. ರಾಯಬಾಗ ಕಡೆಯ ಒಬ್ಬ ಮುದುಕಿಯ ಕಬ್ಬು ಬಲಿತು ನಿಂತಿದೆ. ಕಾರ್ಖಾನೆಯ ಫೀಲ್ಡ್‌ಮನ್ ತೋಡಣಿಗೆ ಗ್ಯಾಂಗ್ ಕಳಿಸುತ್ತಿಲ್ಲ. ಕಬ್ಬು ನಿಂತಷ್ಟು ದಿನ ಒಣಗಿ ತೂಕ ಕಳೆದುಕೊಳ್ಳುತ್ತದೆ. ಇಡೀ ಕಥೆ ಹೊಲದ ಬದುವಿನ ಮೇಲೆ ಈ ಇಬ್ಬರ ನಡುವೆ ನಡೆಯುವ ಮಾತು.

“ಸಾಹೇಬ್ರ, ನಮ್ಮ ಕಬ್ಬಿಗಿ ತೋಡಣಿ ಯಾವಾಗ ಕೊಡ್ತೀರಿ?”

“ನಿಮ್ಮ ಸರದಿ ಇನ್ನೂ ಬಂದಿಲ್ಲ. ಪಟ್ಟಿಯ ಪ್ರಕಾರವೇ ಕಟಾವು ಮಾಡಲಾಗುತ್ತದೆ.”

“ಪಟ್ಟ್ಯಾಗ ನಮ್ಮ ಹೆಸರು ಮ್ಯಾಲೇ ಇತ್ತಂತರಿ.”

ಹೀಗೆ ನಾಲ್ಕು ಪುಟ ಸಾಗಿ, ಕೊನೆಗೆ ಆಯಿ ಹೇಳುತ್ತಾಳೆ: “ನೀ ಯಾರ ಮಗಾ ಅಂತ ನನಗ ಗೊತ್ತೈತಿ. ಇದ ನಮ್ಮ ಹೊಲ ಐತಿ. ನಿಮ್ಮವ್ವ ಇದರಾಗ ಕಳೇ ತಗದಾಕಿ.” ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ನಾಳೆ ಗ್ಯಾಂಗ್ ಕಳಸ್ತೀನಿ ಆಯಿ” ಅನ್ನುತ್ತಾನೆ. ಕಥೆ ಅಲ್ಲಿಗೆ ಮುಗಿಯುತ್ತದೆ.

ನಾನು ಮೊದಲು ಮಾಡಿದ ಕೆಲಸ, ಎಡಪುಟದಲ್ಲಿ ಮೂಲದ ಮಾತು, ಬಲಪುಟದಲ್ಲಿ ಅದರ ಶಿಷ್ಟ ಕನ್ನಡ ರೂಪ ಬರೆದುಕೊಂಡದ್ದು. ಅರ್ಥ ತಪ್ಪಬಾರದೆಂಬ ಎಚ್ಚರಿಕೆ ಅದು. ‘ಮ್ಯಾಲೇ ಇತ್ತಂತರಿ’ ಎಂಬುದು ‘ಮೇಲೆಯೇ ಇತ್ತು’ ಆಯಿತು. ‘ಕಳಸ್ತೀನಿ ಆಯಿ’ ಎಂಬುದು ‘ಕಳುಹಿಸುತ್ತೇನೆ, ಅಜ್ಜಿ’ ಆಯಿತು. ಆಮೇಲೆ ಬಲಪುಟವನ್ನೇ ಮುಂದಿಟ್ಟುಕೊಂಡು ಇಂಗ್ಲಿಷ್ ಮಾಡಿದೆ. ಇಂಗ್ಲಿಷ್ ನಯವಾಗಿಯೇ ಬಂತು. ಅದನ್ನು ಓದಿದ ಸಂಪಾದಕಿ ಕೇಳಿದ್ದು ಒಂದೇ ಪ್ರಶ್ನೆ: ಅಷ್ಟು ಹೊತ್ತು ಒಪ್ಪದವನು ಕೊನೆಗೆ ಇದ್ದಕ್ಕಿದ್ದಂತೆ ಯಾಕೆ ಒಪ್ಪಿದ?

ಮೂಲದಲ್ಲಿ ಅದಕ್ಕೆ ಉತ್ತರ ಎದ್ದು ಕಾಣುತ್ತದೆ. ಕೊನೆಯ ಮಾತಿನವರೆಗೂ ಆಯಿ ‘ರೀ’ ಬಿಟ್ಟಿರಲಿಲ್ಲ. ನಮ್ಮ ಕಡೆ ಈ ‘ರೀ’ ಕ್ರಿಯಾಪದಕ್ಕಷ್ಟೇ ಅಲ್ಲ, ಯಾವುದಕ್ಕೆ ಬೇಕಾದರೂ ಹತ್ತುತ್ತದೆ: ಹೌದ್ರಿ, ಇಲ್ರಿ, ಯಾಕ್ರಿ, ನಾಳೇರಿ. ಮೊಮ್ಮಗನ ವಯಸ್ಸಿನವನಿಗೆ ಆಕೆ ಪ್ರತಿ ಮಾತಿಗೂ ಅದನ್ನು ಹಚ್ಚುತ್ತಿದ್ದದ್ದು ಅವನ ಕುರ್ಚಿಗೆ. ‘ನೀ’ ಅಂದ ಗಳಿಗೆಗೆ ಕುರ್ಚಿ ಹೋಯಿತು, ಕಳೆ ತೆಗೆದವಳ ಮಗ ಉಳಿದ. ಅವನದೂ ಅಷ್ಟೇ. ‘ಮಾಡಲಾಗುತ್ತದೆ’ ಎಂಬ ಕರ್ಮಣಿ ಪ್ರಯೋಗದ ಮರೆಯಲ್ಲಿ ನಿಂತವನು, ಯಾರು ಮಾಡುತ್ತಾರೆ ಎಂದು ಹೇಳದೆ ಮಾತಾಡುತ್ತಿದ್ದವನು, ‘ಕಳಸ್ತೀನಿ’ ಎಂದು ತನ್ನ ಹೊಣೆಯನ್ನು ತನ್ನ ಊರಿನ ಮಾತಿನಲ್ಲೇ ಒಪ್ಪಿಕೊಂಡ. ಶಿಷ್ಟ ಕನ್ನಡ ಕಥೆಯೊಳಗೇ ಒಂದು ಪಾತ್ರದ ಮಾತಾಗಿ, ಕಚೇರಿಯ ಅಧಿಕಾರವಾಗಿ ನಿಂತಿತ್ತು. ನಾನು ಅದನ್ನು ಇಬ್ಬರ ಬಾಯಿಗೂ ಹಾಕಿದ್ದರಿಂದ ಜಗಳವೇ ಉಳಿಯಲಿಲ್ಲ.

ಇನ್ನೊಂದು ನಷ್ಟ ನನಗೆ ತಡವಾಗಿ ಕಂಡಿತು. ‘ಇತ್ತಂತರಿ’ಯಲ್ಲಿನ ‘ಅಂತ’ವನ್ನು ನಾನು ಬಿಟ್ಟಿದ್ದೆ. ಆಯಿಗೆ ಓದು ಬರುವುದಿಲ್ಲ, ಪಟ್ಟಿ ನೋಡಿಲ್ಲ. ಯಾರೋ ನೋಡಿದವರು ಆಕೆಗೆ ಹೇಳಿದ್ದಾರೆ. ಅವರ ಹೆಸರನ್ನು ಆಕೆ ಕೊಡುವುದಿಲ್ಲ. ‘ಅಂತ’ದಲ್ಲಿ ಆ ಜಾಣತನ ಇತ್ತು. ಬಿಟ್ಟಾಗ ಆಕೆ ತಾನೇ ಪಟ್ಟಿ ಓದಿ ಬಂದವಳಂತೆ ಕೇಳಿಸಿದಳು.

ಸಂಪಾದಕಿಯ ಪ್ರಶ್ನೆಯ ನಂತರ ನಾನು ಎದುರು ದಿಕ್ಕಿಗೆ ಹೋದೆ. ಆಯಿಗೆ ಇಂಗ್ಲಿಷಿನದೇ ಹಳ್ಳಿಮಾತು ಕೊಟ್ಟೆ. ‘ಇಸ್ ನಾಟ್’ ಇದ್ದಲ್ಲಿ ‘ಏಂಟ್’ ಬಂತು, ‘ಗೋಯಿಂಗ್’ ಇದ್ದಲ್ಲಿ ಕೊನೆಯ ಅಕ್ಷರ ನುಂಗಿದ ‘ಗೋಯಿನ್’ ಬಂತು. ಇದು ಮೊದಲಿನದಕ್ಕಿಂತ ಕೆಟ್ಟದು. ಆ ಮಾತಿಗೂ ಒಂದು ಊರಿದೆ. ಓದುವವರಿಗೆ ಅಮೆರಿಕದ ದಕ್ಷಿಣದ ಹತ್ತಿಯ ಹೊಲ ಕಾಣುತ್ತದೆ, ಕೃಷ್ಣೆಯ ದಂಡೆಯ ಕಬ್ಬಲ್ಲ. ಅದಕ್ಕಿಂತ ಹೆಚ್ಚಾಗಿ, ಆಯಿ ತಪ್ಪು ಭಾಷೆ ಆಡುವವಳಾಗಿ ಕಾಣತೊಡಗಿದಳು.

ಆಕೆಯ ಮಾತಿನಲ್ಲಿ ತಪ್ಪೇ ಇಲ್ಲ. ‘ಇದ ನಮ್ಮ ಹೊಲ ಐತಿ’ಯನ್ನೇ ನೋಡಿ. ಶಿಷ್ಟ ಕನ್ನಡಕ್ಕೆ ‘ಇದು ನಮ್ಮ ಹೊಲ’ ಅಷ್ಟೇ ಸಾಕು. ನಾನು ‘ಐತಿ’ಯನ್ನು ಹೆಚ್ಚುವರಿ ಎಂದು ಹೊಡೆದುಹಾಕಿದ್ದೆ. ಕಾಗವಾಡದಿಂದ ಗಡಿ ದಾಟಿ ಮಿರಜ ಹಾದು ಹೋದರೆ ಸಾಂಗ್ಲಿ ಜಿಲ್ಲೆಯ ಕುಪವಾಡ ಸಿಗುತ್ತದೆ. ಜಾನ್ ಗಂಪರ್ಜ್ ಮತ್ತು ರಾಬರ್ಟ್ ವಿಲ್ಸನ್ 1971ರಲ್ಲಿ ಪ್ರಕಟಿಸಿದ ಅಧ್ಯಯನ ಆ ಊರಿನದು. ತಲೆಮಾರುಗಳಿಂದ ಒಟ್ಟಿಗೆ ಬದುಕಿದ ಅಲ್ಲಿನ ಕನ್ನಡ, ಮರಾಠಿ, ಉರ್ದುಗಳ ಶಬ್ದಗಳು ಬೇರೆಯಾಗಿಯೇ ಉಳಿದು, ವಾಕ್ಯದ ಕಟ್ಟು ಮಾತ್ರ ಬಹುಮಟ್ಟಿಗೆ ಒಂದೇ ಆಗಿದೆ ಎಂದು ಅವರು ತೋರಿಸಿದರು. ಮರಾಠಿಯ ‘ಆಹೇ’ ಬರುವ ಜಾಗದಲ್ಲಿ ಕನ್ನಡದ ‘ಐತಿ’ ಬಂದು ಕೂತದ್ದು ಅವರ ಉದಾಹರಣೆಗಳಲ್ಲೊಂದು. ಇಂಗ್ಲಿಷಿನ ವಾಕ್ಯಕ್ಕೆ ಹೇಗೂ ‘ಈಸ್’ ಬೇಕು, ಹಾಗಾಗಿ ಅನುವಾದದಲ್ಲಿ ಈ ‘ಐತಿ’ಯಿಂದ ಲಾಭವೂ ಇಲ್ಲ, ನಷ್ಟವೂ ಇಲ್ಲ. ಆದರೆ ಅದನ್ನು ತಪ್ಪೆಂದು ಹೊಡೆದ ಕೈಯೇ ಮುಂದೆ ‘ಏಂಟ್’ ಬರೆಯಿತು. ಶಾಲೆಯಲ್ಲಿ ನಮ್ಮ ಮನೆಮಾತಿಗೆ ಕೆಂಪು ಗೆರೆ ಬಿದ್ದದ್ದು ನನ್ನೊಳಗೆ ಇನ್ನೂ ಉಳಿದಿತ್ತು.

ಮೂರನೆಯ ಕರಡಿಗೆ ಬಲಪುಟವನ್ನು ಹರಿದುಹಾಕಿದೆ. ಇಬ್ಬರ ಮಾತಿನ ಅಂತರವನ್ನೇ ಅನುವಾದಿಸಲು ಕೂತೆ. ಫೀಲ್ಡ್‌ಮನ್‌ಗೆ ಸುತ್ತೋಲೆಯ ಇಂಗ್ಲಿಷ್ ಕೊಟ್ಟೆ: ‘ಆ್ಯಸ್ ಪರ್ ದ ಲಿಸ್ಟ್’, ‘ವಿಲ್ ಬಿ ಹಾರ್ವೆಸ್ಟೆಡ್’, ಅವನ ವಾಕ್ಯದಲ್ಲಿ ‘ಐ’ ಎಲ್ಲೂ ಇಲ್ಲ. ಆಯಿಗೆ ಚಿಕ್ಕ ಚಿಕ್ಕ ಶಬ್ದಗಳ, ವ್ಯಾಕರಣಕ್ಕೆ ಪೂರ್ತಿ ಸರಿಯಾದ ಇಂಗ್ಲಿಷ್. ‘ರೀ’ಗೆ ‘ಸರ್’ ಹಾಕಿದರೆ ಪೇಟೆಯ ಅಂಗಡಿಯ ಮಾತಾಗುತ್ತದೆ. ಆಕೆ ಮೊದಲ ಸಾಲಿನಲ್ಲಿ ಹೇಳುವ ‘ಸಾಹೇಬ್’ ಅನ್ನೇ ಹಾಗೆಯೇ ಉಳಿಸಿಕೊಂಡು, ಮೂಲದಲ್ಲಿ ‘ರೀ’ ಇದ್ದ ಸಾಲುಗಳ ತುದಿಗೆ ಹಚ್ಚಿದೆ. ಕೊನೆಯ ಮಾತಿನಲ್ಲಿ ಅದು ಇಲ್ಲ. ‘ಅಂತ’ಕ್ಕೆ ‘ದೇ ಸೇ’ ಸಾಕಾಯಿತು. ‘ಆಯಿ’ಯನ್ನು ಗ್ರ್ಯಾನಿ ಮಾಡಲಿಲ್ಲ, ಅವನು ಮೊದಲ ಸಲ ‘ಐ’ ಎಂದು ಆರಂಭಿಸುವ ವಾಕ್ಯದಲ್ಲೇ ‘ಆಯಿ’ ಬರುತ್ತದೆ. ಈ ಸಲ ಸಂಪಾದಕಿ ಆ ಪ್ರಶ್ನೆ ಕೇಳಲಿಲ್ಲ.

2025ರಲ್ಲಿ ಬಾನು ಮುಷ್ತಾಕ್ ಅವರ ‘ಹಾರ್ಟ್ ಲ್ಯಾಂಪ್’ಗೆ ಅಂತರರಾಷ್ಟ್ರೀಯ ಬೂಕರ್ ಬಂದಾಗ ಅನುವಾದಕಿ ದೀಪಾ ಭಾಸ್ತಿ ತಮ್ಮ ರೀತಿಯನ್ನು ‘ಉಚ್ಚಾರದ ಛಾಯೆ ಉಳಿಸಿಕೊಂಡ ಅನುವಾದ’ ಎಂಬ ಅರ್ಥದಲ್ಲಿ ಹೇಳಿಕೊಂಡರು. ಮೂಲದ ಶಬ್ದಗಳನ್ನು ಓರೆ ಅಕ್ಷರವಿಲ್ಲದೆ, ಅಡಿಟಿಪ್ಪಣಿಯಿಲ್ಲದೆ ಉಳಿಸಿಕೊಂಡರು. ಇಂಗ್ಲಿಷ್ ಓದುಗರು ಅಷ್ಟನ್ನು ತಾಳಿಕೊಳ್ಳುತ್ತಾರೆ ಎಂಬುದಕ್ಕೆ ಇನ್ನು ಬೇರೆ ಸಾಕ್ಷಿ ಬೇಕಿಲ್ಲ.

ಎಲ್ಲವೂ ದಾಟಿತೆಂದಲ್ಲ. ‘ತೋಡಣಿ’ ಮರಾಠಿಯಿಂದ ಬಂದದ್ದು, ‘ಕಟಾವು’ ಕಚೇರಿಯದು. ಇಂಗ್ಲಿಷಿನಲ್ಲಿ ಒಂದನ್ನು ‘ಕಟಿಂಗ್’, ಇನ್ನೊಂದನ್ನು ‘ಹಾರ್ವೆಸ್ಟ್’ ಮಾಡಿದೆನೇ ಹೊರತು ಗಡಿಯ ವಾಸನೆ ಬರಲಿಲ್ಲ. ನಿಪ್ಪಾಣಿಯ ಸಂತೆಯಲ್ಲಿ ಒಂದೇ ಮಾತಿನೊಳಗೆ ಕನ್ನಡದಿಂದ ಮರಾಠಿಗೆ ಹೊರಳುವ ಪಾತ್ರ ಬಂದರೆ ಏನು ಮಾಡಬೇಕೆಂಬುದಕ್ಕೆ ನನ್ನಲ್ಲಿ ಉಪಾಯವಿಲ್ಲ.

ನಮ್ಮ ಸೀಮೆಯ ಕಥೆಗಳಿಗೆ ಕೈಹಾಕುವವರಲ್ಲಿ ಒಂದು ಕೇಳಿಕೆ. ನಡುವೆ ಶಿಷ್ಟ ಕನ್ನಡದ ಕರಡು ಮಾಡಿಕೊಳ್ಳಬೇಡಿ. ಮೂಲವನ್ನು ಆ ಊರಿನವರಿಂದ ಗಟ್ಟಿಯಾಗಿ ಓದಿಸಿ ಕೇಳಿ. ನಿಮ್ಮ ಇಂಗ್ಲಿಷ್ ಕರಡು ಮುಗಿದ ಮೇಲೆ ಹೇಳಿದವರ ಹೆಸರು ಮುಚ್ಚಿ ಮಾತುಗಳನ್ನಷ್ಟೇ ಓದಿ. ಯಾವುದು ಯಾರ ಮಾತೆಂದು ಗೊತ್ತಾಗದಿದ್ದರೆ ಅದನ್ನು ಅಚ್ಚಿಗೆ ಕೊಡಬೇಡಿ.