ಫೋನಿನಲ್ಲಿ ಆದ ಮಾತು

ನನ್ನದೊಂದು ಚಾಳಿ ಕಂಡರೆ ನಮ್ಮ ಮನೆಯಲ್ಲಿ ಎಲ್ಲರಿಗೂ ನಗು. ಯಾರೊಡನೆಯಾದರೂ ಫೋನಿನಲ್ಲಿ ವ್ಯವಹಾರದ ಮಾತಾಡಿ ಮುಗಿಸಿದೆನೆಂದರೆ, ಹತ್ತು ನಿಮಿಷದೊಳಗೆ ಆ ಮಾತನ್ನೇ ನಾಲ್ಕು ಸಾಲಿನಲ್ಲಿ ಬರೆದು ಅವರಿಗೇ ಕಳಿಸಿಬಿಡುತ್ತೇನೆ. "ಈಗ ತಾನೇ ಬಾಯಲ್ಲಿ ಹೇಳಿದ್ದನ್ನ ಮತ್ತೆ ಬರೆದು ಹೇಳೋದು ಟೀಚರುಗಳಿಂದ ಮಾತ್ರ ಸಾಧ್ಯ. ಮಕ್ಕಳ ಕೈಲಿ ಇಂಪೊಸಿಷನ್ ಬರೆಸೀ ಬರೆಸೀ ನಿನಗೂ ಅಂಟಿಕೊಂಡಿದೆ" ಎಂದು ನಮ್ಮ ಯಜಮಾನರು ಹಾಸ್ಯ ಮಾಡುತ್ತಾರೆ. ಮಾಡಿಕೊಳ್ಳಲಿ. ಈ ಪಾಠ ಕಲಿಯುವುದಕ್ಕೆ ನಾನು ಕಟ್ಟಿದ ಫೀಸು 11,600 ರೂಪಾಯಿ. ಅಷ್ಟು ಕೊಟ್ಟು ಕಲಿತದ್ದನ್ನು ಮರೆಯಲು ಮನಸ್ಸು ಬರುವುದಿಲ್ಲ.

2009ರ ಮಳೆಗಾಲ. ಆಗ ನಾನಿದ್ದ ಶಾಲೆಯಲ್ಲಿ ಮುಖ್ಯೋಪಾಧ್ಯಾಯಿನಿಯವರು ರಜೆಯ ಮೇಲೆ ಹೋಗಿದ್ದರಿಂದ ಮೂರು ತಿಂಗಳು ಪ್ರಭಾರ ನನ್ನ ತಲೆಗೆ ಬಂದಿತ್ತು. ಏಳನೆಯ ತರಗತಿಯ ಕೋಣೆ ಸೋರಲು ಶುರುವಾಯಿತು. ಮಕ್ಕಳು ಬೆಂಚುಗಳನ್ನು ಗೋಡೆಗೆ ಒತ್ತರಿಸಿ, ನಡುವೆ ಬಕೆಟ್ ಇಟ್ಟುಕೊಂಡು ಕೂರುತ್ತಿದ್ದರು. ಆಡಳಿತ ಮಂಡಳಿಯ ಕಾರ್ಯದರ್ಶಿಗಳಿಗೆ ಫೋನು ಮಾಡಿದೆ. ಅವರು ಒಳ್ಳೆಯವರು, ಮಕ್ಕಳೆಂದರೆ ಕಕ್ಕುಲಾತಿ ಇದ್ದವರು. "ಮೊದಲು ಹಂಚು ಹೊದೆಸಿಬಿಡಿ ಮೇಡಂ, ಮುಂದಿನದು ಸಭೆಯಲ್ಲಿ ನೋಡೋಣ" ಎಂದರು. ನನ್ನ ಕಿವಿಗೆ ಬಿದ್ದದ್ದು ಇಷ್ಟು. ಮರುದಿನವೇ ಆಳು ಕರೆಸಿ, ಕೊಳೆತ ರೀಪರು ಬದಲಾಯಿಸಿ, ಹಂಚು ಹೊದೆಸಿದೆ. ಅಂಗಡಿಯವನಿಗೂ ಆಳುಗಳಿಗೂ ಸೇರಿ 11,600 ರೂಪಾಯಿಯನ್ನು ಸದ್ಯಕ್ಕೆ ನನ್ನ ಕೈಯಿಂದಲೇ ಕೊಟ್ಟೆ.

ಸಭೆ ಸೇರುವ ಹೊತ್ತಿಗೆ ಮಂಡಳಿಯಲ್ಲಿ ಹೊಸಬರು ಬಂದಿದ್ದರು. "ಈ ಖರ್ಚಿಗೆ ಯಾರ ಮಂಜೂರಾತಿ ಇದೆ?" ಎಂದು ಕೇಳಿದರು. ನಾನು ಹಳೆಯ ಕಾರ್ಯದರ್ಶಿಗಳ ಹೆಸರು ಹೇಳಿದೆ. ಅವರನ್ನು ವಿಚಾರಿಸಿದಾಗ, "ಅಂದಾಜು ಪಟ್ಟಿ ತರಿಸಿ, ಸಭೆಯಲ್ಲಿ ನೋಡಿ, ಆಮೇಲೆ ಹೊದೆಸೋಣ ಅಂದಿದ್ದೆನಲ್ಲ" ಎಂದರಂತೆ. ಅವರು ಸುಳ್ಳು ಹೇಳಿದರೆಂದು ನನಗೆ ಅಂದೂ ಅನ್ನಿಸಲಿಲ್ಲ, ಇಂದೂ ಅನ್ನಿಸುವುದಿಲ್ಲ. ಅಂದಾಜು ಪಟ್ಟಿಯ ಮಾತನ್ನು ಅವರು ಹೇಳಿಯೇ ಇದ್ದಿರಬಹುದು. ಹೊರಗೆ ಹಂಚಿನ ಮೇಲೆ ಮಳೆ ಸುರಿಯುತ್ತಿತ್ತು, ನನಗೋ ಆ ಬಕೆಟ್ಟಿನದೇ ಧ್ಯಾನ. ನನಗೆ ಬೇಕಾದ ಮಾತನ್ನು ನನ್ನ ಕಿವಿ ಆರಿಸಿಕೊಂಡಿತು, ಅವರಿಗೆ ಬೇಕಾದದ್ದನ್ನು ಅವರ ನೆನಪು ಇಟ್ಟುಕೊಂಡಿತು. ಹಣ ನನಗೆ ಬರಲಿಲ್ಲ.

ನಮ್ಮ ಶಾಲೆಯ ಹಿರಿಯ ಗುಮಾಸ್ತರು ಅಂದು ಸಂಜೆ ನನ್ನನ್ನು ಕೂರಿಸಿಕೊಂಡು ಒಂದು ಪದ್ಧತಿ ಹೇಳಿಕೊಟ್ಟರು. ಫೋನು ಬಂದ ಕೂಡಲೇ ಕಡತದಲ್ಲಿ ತಾರೀಖು, ವೇಳೆ, ಮಾತಾಡಿದವರು, ಆಡಿದ ಮಾತು ಇಷ್ಟನ್ನು ಬರೆದು ಸಹಿ ಹಾಕಬೇಕು. ಅದೇ ದಿನ ಒಂದು ಕಾಗದ ಹೋಗಬೇಕು. "ಉಲ್ಲೇಖ: ಈ ದಿನ ಬೆಳಿಗ್ಗೆ 11 ಗಂಟೆಗೆ ತಮ್ಮೊಡನೆ ನಡೆದ ದೂರವಾಣಿ ಸಂಭಾಷಣೆ" ಎಂದು ಶುರುಮಾಡಿ, ತಾವು ಹೀಗೆ ತಿಳಿಸಿರುತ್ತೀರಿ, ಅದರಂತೆ ಈ ಕೆಲಸ ಕೈಗೊಳ್ಳುತ್ತಿದ್ದೇನೆ, ದಯವಿಟ್ಟು ದೃಢಪಡಿಸಿ ಎಂದು ಮುಗಿಸಬೇಕು. ಜಾವಕದ ನಂಬರು ಹಾಕಿ, ಜವಾನನ ಕೈಯಲ್ಲಿ ಕಳಿಸಿ, ತಲುಪಿದ್ದಕ್ಕೆ ರುಜು ಹಾಕಿಸಿಕೊಂಡು ಬರಬೇಕು. "ಅಷ್ಟು ಮಾಡಿದ್ದರೆ ಅವರು ಅವತ್ತೇ 'ಇಲ್ಲಮ್ಮ, ಮೊದಲು ಅಂದಾಜು ಪಟ್ಟಿ' ಅಂತಿದ್ದರು. ನಿಮ್ಮ ದುಡ್ಡು ನಿಮ್ಮ ಹತ್ರ ಇರ್ತಿತ್ತು" ಎಂದರು.

ಇದು ಅವರ ಸ್ವಂತ ಬುದ್ಧಿಯೆಂದೇ ನಾನು ತಿಳಿದಿದ್ದೆ. ಕೇಂದ್ರ ಸರ್ಕಾರಿ ನೌಕರರ 1964ರ ನಡತೆ ನಿಯಮಗಳಲ್ಲಿಯೂ ಇದೇ ಮಾತಿದೆಯೆಂದು ಆಮೇಲೆ ತಿಳಿಯಿತು. ಮೇಲಧಿಕಾರಿ ಬಾಯಿಮಾತಿನಲ್ಲಿ ಆದೇಶ ಕೊಡಬೇಕಾಗಿ ಬಂದರೆ ಕೂಡಲೇ ಬರವಣಿಗೆಯಲ್ಲಿ ದೃಢಪಡಿಸಬೇಕು, ಕೈಕೆಳಗಿನವರೂ ಅದನ್ನು ಕೇಳಿ ಪಡೆಯಬೇಕು ಎನ್ನುತ್ತದೆ ಆ ನಿಯಮ. 2013ರಲ್ಲಿ ಸುಪ್ರೀಂ ಕೋರ್ಟು ಕೂಡ ಅಧಿಕಾರಿಗಳು ಬರಿಯ ಬಾಯಿಮಾತಿನ ಆದೇಶದ ಮೇಲೆ ನಡೆಯಬಾರದೆಂದು ಹೇಳಿತು. ಆದರೆ ಈ ಪದ್ಧತಿ ನನಗೆ ನಿಜವಾಗಿ ಒದಗಿದ್ದು ಕಚೇರಿಯಲ್ಲಲ್ಲ, ಕಿರಿಮಗಳ ಮದುವೆಯಲ್ಲಿ.

2023ರ ಮೇ ತಿಂಗಳ 22, ಸೋಮವಾರ ಮುಹೂರ್ತ. ಹಿಂದಿನ ಸಂಜೆ ವರಪೂಜೆ. ಛತ್ರದ ಮ್ಯಾನೇಜರ ಜೊತೆ ಫೋನಿನಲ್ಲೇ ಮಾತಾಯಿತು. "ಎರಡು ದಿನಕ್ಕೆ ಅರವತ್ತು ಸಾವಿರ ಅಮ್ಮ, ಎಲ್ಲ ಸೇರಿ. ಹದಿನೈದು ಮುಂಗಡ ಕಳಿಸಿ, ಛತ್ರ ನಿಮ್ಮದೇ" ಎಂದರು. ನಮ್ಮ ಯಜಮಾನರು ಆಗಲೇ "ಛತ್ರ ಆಯ್ತು, ಇನ್ನು ಅಡುಗೆಯವರು" ಎಂದು ಪಟ್ಟಿಯಲ್ಲಿ ಗೀಟು ಎಳೆದುಬಿಟ್ಟರು. ನಾನು ಮುಂಗಡ ಕಳಿಸುವ ಮೊದಲು ಮೊಬೈಲಿನಲ್ಲಿ ಹೀಗೆ ಬರೆದು ಕಳಿಸಿದೆ:

"ನಮಸ್ಕಾರ. ಈ ದಿನ ಸಂಜೆ 5 ಗಂಟೆಗೆ ಫೋನಿನಲ್ಲಿ ಮಾತಾಡಿದಂತೆ ನಾನು ತಿಳಿದುಕೊಂಡದ್ದು ಹೀಗೆ. ಮೇ 21 ಭಾನುವಾರ ಬೆಳಿಗ್ಗೆ 6ರಿಂದ ಮೇ 22 ಸೋಮವಾರ ರಾತ್ರಿ 8ರವರೆಗೆ ಛತ್ರ ನಮಗೆ. ಬಾಡಿಗೆ 60,000 ರೂಪಾಯಿ. ಇದರಲ್ಲಿ ಎಂಟು ಕೋಣೆ, ಪಾತ್ರೆ, ಕರೆಂಟು, ಶುಚಿ ಮಾಡಿಸುವುದು ಸೇರಿದೆ. ಮುಂಗಡ 15,000, ಉಳಿದದ್ದು 21ರಂದು. ಜನರೇಟರ್ ಬಗ್ಗೆ ಇನ್ನೂ ಮಾತಾಗಿಲ್ಲ. ಇದರಲ್ಲಿ ಏನಾದರೂ ತಪ್ಪಿದ್ದರೆ ತಿಳಿಸಿ. ಸರಿಯಿದ್ದರೆ 'ಸರಿ' ಎಂದು ಒಂದು ಮಾತು ಬರೆಯಿರಿ. ಬಂದ ಕೂಡಲೇ ಮುಂಗಡ ಕಳಿಸುತ್ತೇನೆ."

ಅರ್ಧ ಗಂಟೆಯಲ್ಲಿ ಫೋನು ಬಂತು. "ಅಯ್ಯೋ ಅಮ್ಮ, ಬೆಳಿಗ್ಗೆ ಆರಕ್ಕೆ ಎಲ್ಲಿಂದ ಕೊಡಲಿ? ಎರಡು ದಿನ ಅಂದ್ರೆ ಭಾನುವಾರ ಮಧ್ಯಾಹ್ನ ಮೂರರಿಂದ ಸೋಮವಾರ ಸಂಜೆ ನಾಲ್ಕು. ಎಲ್ಲ ಛತ್ರದಲ್ಲೂ ಹಾಗೇ. ಕರೆಂಟು ಮೀಟರ್ ನೋಡಿ ಬೇರೆ." ಎರಡು ದಿನ ಎಂಬ ಎರಡೇ ಶಬ್ದ! ನಾನು ಸೂರ್ಯೋದಯದಿಂದ ಎಣಿಸಿದ್ದೆ, ಅವರು ತಮ್ಮ ಹಿಂದಿನ ಮದುವೆಯವರು ಖಾಲಿ ಮಾಡುವ ಹೊತ್ತಿನಿಂದ ಎಣಿಸಿದ್ದರು. "ಎಲ್ಲ ಸೇರಿ" ಎಂದಾಗ ಅವರ ಮನಸ್ಸಿನಲ್ಲಿದ್ದದ್ದು ಕೋಣೆ, ಪಾತ್ರೆ, ಕಸ ಗುಡಿಸುವುದು. ನನ್ನ ಮನಸ್ಸಿನಲ್ಲಿ ಕರೆಂಟೂ ಇತ್ತು. ಆ ನಾಲ್ಕು ಸಾಲು ಹೋಗದಿದ್ದರೆ ಇದೆಲ್ಲ ಗೊತ್ತಾಗುತ್ತಿದ್ದದ್ದು ಭಾನುವಾರ ಬೆಳಿಗ್ಗೆ, ಹಾಲಿನ ಕ್ಯಾನು, ತರಕಾರಿ ಮೂಟೆ, ರೈಲಿನಿಂದ ಇಳಿದ ನಾದಿನಿಯ ಸಂಸಾರ ಎಲ್ಲವನ್ನೂ ಬೀಗ ಹಾಕಿದ ಬಾಗಿಲಿನ ಮುಂದೆ ನಿಲ್ಲಿಸಿಕೊಂಡು.

ಎರಡು ತಿಂಗಳು ಮೊದಲೇ ಗೊತ್ತಾದದ್ದರಿಂದ ದಾರಿಯೂ ಸಿಕ್ಕಿತು. ನಾಂದಿಯನ್ನು ಮನೆಯಲ್ಲೇ ಇಟ್ಟುಕೊಂಡೆವು. ಅಡುಗೆಮನೆಯನ್ನು ಮಾತ್ರ ಭಾನುವಾರ ಬೆಳಿಗ್ಗೆ 10ಕ್ಕೆ ತೆಗೆದುಕೊಡಲು ಅವರು 3,000 ರೂಪಾಯಿ ಹೆಚ್ಚಿಗೆ ಕೇಳಿದರು, ಒಪ್ಪಿದೆ. ಕರೆಂಟಿಗೆ ಒಳಗೆ ಬರುವಾಗಲೊಮ್ಮೆ, ಬಿಡುವಾಗಲೊಮ್ಮೆ ಇಬ್ಬರೂ ನಿಂತು ಮೀಟರ್ ನೋಡುವುದೆಂದಾಯಿತು. ಇದೂ ಫೋನಿನ ಮಾತೇ ಆದ್ದರಿಂದ ಮತ್ತೆ ಬರೆದೆ. ಈ ಸಲ "ಮೊದಲು ಬರೆದದ್ದರಲ್ಲಿ ಇಷ್ಟು ಬದಲಾಗಿದೆ" ಎಂದು ಬದಲಾದದ್ದನ್ನಷ್ಟೇ ಬರೆದೆ. "ಸರಿ ಅಮ್ಮ" ಎಂದು ಉತ್ತರ ಬಂತು. ಆಮೇಲೆಯೇ ಮುಂಗಡ ಹೋಯಿತು.

ಆ "ಸರಿ" ಬರುವ ತನಕ ಕಾಯಬೇಕೆಂಬುದನ್ನು ಒತ್ತಿ ಹೇಳುತ್ತೇನೆ. ನಾನು ಬರೆದು ಕಳಿಸಿದೆ, ಅವರು ಓದಿದ ಗುರುತೂ ಬಂತು, ಉತ್ತರ ಬರಲಿಲ್ಲ ಎಂದರೆ ಅದು ಒಪ್ಪಿಗೆಯೆಂದು ಲೆಕ್ಕವಲ್ಲ. ನಾನು ಹಾಗೆ ತಿಳಿದಿದ್ದೆ ಎಂಬುದಕ್ಕೆ ಮಾತ್ರ ಅದು ಸಾಕ್ಷಿ. ಅಂಥ ಹೊತ್ತಿನಲ್ಲಿ ಇನ್ನೊಂದು ಫೋನು ಮಾಡಿ, "ಬರೆದದ್ದು ನೋಡಿದಿರಾ?" ಎಂದು ಕೇಳಿ, ಬರೆಸಿಕೊಳ್ಳಬೇಕು. ಇನ್ನೊಂದು ಎಚ್ಚರ ನಮ್ಮ ಕಡೆಯದು. ಫೋನಿನಲ್ಲಿ ಆಡದ ಮಾತನ್ನು ಬರೆಯುವಾಗ ಮೆಲ್ಲಗೆ ತೂರಿಸಬಾರದು. ಜನರೇಟರ್ ಉಚಿತ ಎಂದು ನಾನು ಒಂದು ಶಬ್ದ ಸೇರಿಸಿಬಿಟ್ಟಿದ್ದರೆ ಆ ಮನುಷ್ಯ ನನ್ನ ಉಳಿದ ಸಾಲುಗಳನ್ನೂ ಅನುಮಾನದಿಂದಲೇ ಓದುತ್ತಿದ್ದ. ತೀರ್ಮಾನವಾಗದ್ದನ್ನು "ಇನ್ನೂ ಮಾತಾಗಿಲ್ಲ" ಎಂದೇ ಬರೆಯುವುದು ಒಳ್ಳೆಯದು.

ಮದುವೆಯ ಹಿಂದಿನ ದಿನ ಹತ್ತು ಗಂಟೆಗೆ ಅಡುಗೆಯವರು ಹೋದರೆ ಛತ್ರದಲ್ಲಿದ್ದದ್ದು ಬೇರೆ ಹುಡುಗ. "ಮೂರು ಗಂಟೆಗೆ ಮೊದಲು ತೆಗೆಯೋ ಹಾಗಿಲ್ಲ" ಎಂದ. ಮ್ಯಾನೇಜರು ಊರಲ್ಲಿರಲಿಲ್ಲ, ಫೋನು ಸ್ವಿಚ್ ಆಫ್. ನಮ್ಮ ಯಜಮಾನರ ಕೋಪ ಏರುತ್ತಿತ್ತು. ನಾನು ಮೊಬೈಲಿನಲ್ಲಿದ್ದ ಆ ಎರಡು ಬರಹಗಳನ್ನೂ ಅದರ ಕೆಳಗಿದ್ದ "ಸರಿ ಅಮ್ಮ" ಎಂಬುದನ್ನೂ ತೋರಿಸಿದೆ. ಹುಡುಗ ಎರಡು ಸಲ ಓದಿದ, ನಂಬರು ನೋಡಿದ, ಬೀಗದ ಕೈ ತಂದ. ಆ ದಿನ ಫೋನಿನಲ್ಲಿ ಮಾತಾಡಿದ ಇಬ್ಬರಲ್ಲಿ ಅವನು ಒಬ್ಬನಾಗಿರಲಿಲ್ಲ. ಆದರೂ ಆಡಿದ ಮಾತು ಅವನಿಗೂ ಕೇಳಿಸಿತು.

ಇಷ್ಟೆಲ್ಲ ಆದರೂ ಮನೆಯವರ ಜೊತೆ ಈ ಪದ್ಧತಿ ನಡೆಸುವುದು ನನಗೆ ಒಮ್ಮೆ ಕಷ್ಟವಾಯಿತು. ಅಮ್ಮನ ಕಣ್ಣಿನ ಪೊರೆಯ ಆಪರೇಷನ್ ಆದಮೇಲೆ ಯಾರ ಮನೆಯಲ್ಲಿ ಎಷ್ಟು ದಿನ ಇರಬೇಕು, ಖರ್ಚು ಹೇಗೆ ಎಂದು ತಮ್ಮನ ಜೊತೆ ಮಾತಾಡಿ, ಛತ್ರದವರಿಗೆ ಬರೆದ ಹಾಗೆಯೇ ಅವನಿಗೂ ಬರೆದೆ. "ಏನಕ್ಕ, ನೋಟಿಸ್ ಕಳಿಸಿದ್ದೀಯ? ನನ್ನ ಮೇಲೆ ನಂಬಿಕೆ ಇಲ್ವಾ?" ಎಂದು ಎರಡು ದಿನ ಮಾತು ಬಿಟ್ಟ. ತಪ್ಪು ನನ್ನದೇ. ಅಮ್ಮನ ವಿಷಯದಲ್ಲಿ "ದೃಢಪಡಿಸಿ" ಎಂದು ಯಾರಾದರೂ ಬರೆಯುತ್ತಾರೆಯೇ? ಮತ್ತೆ ಹೀಗೆ ಬರೆದೆ: "ನನಗೀಗ ಮರೆವು ಜಾಸ್ತಿ ಕಣೋ. ಅಮ್ಮ ಆಪರೇಷನ್ ಆದಮೇಲೆ ಒಂದು ತಿಂಗಳು ನಿನ್ನ ಹತ್ರ, ಆಮೇಲೆ ನನ್ನ ಹತ್ರ, ಔಷಧಿ ಖರ್ಚು ಅರ್ಧರ್ಧ. ಇಷ್ಟೇ ತಾನೆ? ನಾನೇನಾದರೂ ತಪ್ಪು ಕೇಳಿಸಿಕೊಂಡಿದ್ದರೆ ಹೇಳು."

ಸಂಜೆ ಉತ್ತರ ಬಂತು. "ಅಕ್ಕ, ಒಂದು ತಿಂಗಳು ಅಲ್ಲ, ನಾನು ಹದಿನೈದು ದಿನ ಅಂದಿದ್ದು. ಇವಳ ಪರೀಕ್ಷೆ ಇದೆ. ಉಳಿದದ್ದು ಸರಿ." ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಮತ್ತೆ ನನ್ನ ಕಿವಿ ತನಗೆ ಬೇಕಾದದ್ದನ್ನೇ ಆರಿಸಿಕೊಂಡಿತ್ತು. ಎದ್ದು ಹೋಗಿ, ನಡುಮನೆಯ ಪಕ್ಕದ ಕೋಣೆಯಲ್ಲಿ ಅಮ್ಮನ ಹಾಸಿಗೆಗೆ ಜಾಗ ಮಾಡತೊಡಗಿದೆ.