ರಾಕ್ಷಸ ಸಂವತ್ಸರದ ಮದುವೆ

ನಮ್ಮ ಅಪ್ಪಯ್ಯ ಮತ್ತು ಅಮ್ಮನ ಮದುವೆಯಾದದ್ದು ರಾಕ್ಷಸ ನಾಮ ಸಂವತ್ಸರದ ವೈಶಾಖದಲ್ಲಿ, ಅಕ್ಷಯ ತದಿಗೆಯ ದಿನ. ಲಗ್ನಪತ್ರಿಕೆಯಲ್ಲೇ ಹಾಗೆ ಅಚ್ಚಾಗಿದೆ. ಆ ಹೆಸರು ಯಾರ ಸ್ವಭಾವವನ್ನು ಮುಂಚಿತವಾಗಿ ಹೇಳಿತ್ತು ಎಂಬ ಬಗ್ಗೆ ಮನೆಯಲ್ಲಿ ಇವತ್ತಿಗೂ ಎರಡು ಪಕ್ಷಗಳಿವೆ. ಇಂಗ್ಲಿಷ್ ಲೆಕ್ಕಕ್ಕೆ ಅದು 1975ರ ಮೇ ತಿಂಗಳ ನಡುಭಾಗ, ತುರ್ತು ಪರಿಸ್ಥಿತಿ ಬರುವುದಕ್ಕೆ ಒಂದೂವರೆ ತಿಂಗಳು ಮೊದಲು.

ಐವತ್ತನೇ ವರ್ಷಕ್ಕೆ ಅವರಿಗೆ ಗೊತ್ತಾಗದ ಹಾಗೆ ಏನಾದರೂ ಮಾಡಬೇಕೆಂದು ನಾವು ಮಕ್ಕಳು ಹೊರಟಾಗ ನೆರವಿಗೆ ಬಂದದ್ದು ಪಂಚಾಂಗ. ಅಪ್ಪಯ್ಯ ಲೆಕ್ಕ ಇಡುವುದು ತಿಥಿಯಲ್ಲಿ. ಚಾಂದ್ರಮಾನದ ವರ್ಷ ಹನ್ನೊಂದು ದಿನ ಗಿಡ್ಡ, ಅಧಿಕ ಮಾಸ ಬಂದು ಅದನ್ನು ಸರಿಮಾಡುತ್ತದೆ. ಹತ್ತೊಂಬತ್ತು ವರ್ಷಕ್ಕೊಮ್ಮೆ ತಿಥಿ ಮತ್ತು ತಾರೀಖು ಹತ್ತಿರ ಹತ್ತಿರ ಬರುತ್ತವೆ. ಐವತ್ತು ಆ ಲೆಕ್ಕಕ್ಕೆ ಸಿಕ್ಕುವುದಿಲ್ಲ. 2025ರಲ್ಲಿ ಅಕ್ಷಯ ತದಿಗೆ ಏಪ್ರಿಲ್ 30ಕ್ಕೇ ಬಂದುಹೋಯಿತು. ನಾವು ಆ ದಿನ ಬೇಕೆಂದೇ ಫೋನಿನಲ್ಲಿ ಅಡಿಕೆ ರೇಟು, ಬಿಸಿಲು ಅಂತ ಮಾತಾಡಿ ಇಟ್ಟೆವು. ಅಮ್ಮ ಪಾಯಸ ಮಾಡಿ, ಇಬ್ಬರೇ ಉಂಡು, ಮಕ್ಕಳಿಗೆ ನೆನಪಿಲ್ಲ ಎಂದು ತೀರ್ಮಾನಿಸಿದರು. ಹೀಗೆ ಅವರ ಎಚ್ಚರ ತಪ್ಪಿಸಿ, ತಾರೀಖಿನ ದಿನ ಎಲ್ಲರೂ ನಮ್ಮೂರು ಉಳವಿಯಲ್ಲಿ ಇಳಿಯುವುದು ಎಂಬುದು ಉಪಾಯ.

ಉಪಾಯವೇನೋ ಸರಿ. ಆದರೆ ಉಳವಿಯಲ್ಲಿ ಗುಟ್ಟು ಉಳಿಯಬೇಕಲ್ಲ! ಶಾಮಿಯಾನದವನು ಅಂಗಳದ ಅಳತೆ ಬೇಕೆಂದು ಅಪ್ಪಯ್ಯನನ್ನೇ ಕೇಳಿದ. ಅಡಿಗೆಯವರು ಅಮ್ಮನಿಗೆ ಫೋನು ಮಾಡಿ, "ನಿಮ್ಮಲ್ಲಿ ದೊಡ್ಡ ಹಂಡೆ ಉಂಟಾ, ಇಲ್ದಿದ್ರೆ ನಾವೇ ತರ್ತೇವೆ" ಎಂದರು. ಪಕ್ಕದ ಮನೆಯ ಚಿಕ್ಕಮ್ಮ ಬೇಲಿಯಾಚೆ ನಿಂತು, "ಹುಡುಗ್ರು ನಿಂಗೆ ಹೇಳ್ಬೇಡಿ ಅಂದಾರೆ ಕಣೇ, ಹಾಂಗಾಗಿ ನಾ ಎಂತದೂ ಹೇಳೂದಿಲ್ಲ" ಎಂದು ಮಾತು ಉಳಿಸಿಕೊಂಡರು. ಇಷ್ಟಾದರೂ ಇಬ್ಬರೂ ನಮ್ಮೊಡನೆ ಏನೂ ತಿಳಿಯದವರಂತಿದ್ದರು. ಮನೆಗೆ ಸುಣ್ಣ ಬಳಿಸಿದ್ದು ಮಳೆಗಾಲ ಬಂತೆಂದು. ಅಪ್ಪಯ್ಯ ಸೊರಬಕ್ಕೆ ಹೋಗಿ ಕ್ಷೌರ ಮಾಡಿಸಿಕೊಂಡದ್ದು ಸೆಖೆ ಎಂದು.

ಅವರಿಗೆ ಗೊತ್ತಾಗದೆ ಉಳಿದದ್ದು ಒಂದೇ, ಸ್ಲೈಡ್ ಶೋ.

ಫೋಟೊ ಕೂಡಿಸುವ ಕೆಲಸ ನನ್ನ ಪಾಲಿಗೆ ಬಂತು. ಮದುವೆಗೆ ಸಾಗರದಿಂದ ಬಸ್ಸಿನಲ್ಲಿ ಬಂದ ಫೋಟೊದವರ ಕ್ಯಾಮೆರಾದಲ್ಲಿ ಒಂದು ರೋಲಿಗೆ ಹನ್ನೆರಡೇ ಚಿತ್ರ. ಅಜ್ಜ ದುಡ್ಡು ಕೊಟ್ಟದ್ದು ಒಂದೇ ರೋಲಿಗೆ. ಆ ಹನ್ನೆರಡರಲ್ಲಿ ಮಾವಂದಿರ ಸಾಲು, ಬೀಗರ ಸಾಲು, ಯಾರೆಂದು ಯಾರಿಗೂ ತಿಳಿಯದ ಕೋಟು ಹಾಕಿದ ಒಬ್ಬರು. ಮದುಮಕ್ಕಳಿಬ್ಬರೂ ಒಟ್ಟಿಗೆ ಇರುವುದು ಒಂದರಲ್ಲಿ ಮಾತ್ರ. ಅದು ಗೋಡೆಯ ಕಟ್ಟಿನಲ್ಲಿ, ಮಲೆನಾಡಿನ ತೇವಕ್ಕೆ ಗಾಜಿಗೇ ಅಂಟಿಕೊಂಡು ಕೂತಿದೆ. ಅಂಥದ್ದನ್ನು ಕೀಳಲು ಹೋಗಬಾರದು, ಚಿತ್ರದ ಪದರ ಗಾಜಿನ ಜೊತೆಗೇ ಎದ್ದು ಬರುತ್ತದೆ. ಕಟ್ಟನ್ನು ಹಾಗೇ ನೆರಳಿನ ಕಿಟಕಿಯ ಪಕ್ಕ ಇಟ್ಟು, ಫ್ಲ್ಯಾಶ್ ಆರಿಸಿ, ಬೆಳಕು ಓರೆಯಾಗಿ ಬೀಳುವಂತೆ ಮಾಡಿ, ಮೊಬೈಲನ್ನು ಗಾಜಿಗೆ ಸಮವಾಗಿ ಹಿಡಿದು ತೆಗೆಯಬೇಕು. ಗಾಜಿನಲ್ಲಿ ನಮ್ಮದೇ ಪ್ರತಿಬಿಂಬ ಬೀಳದ ಹಾಗೆ ಮೊಬೈಲಿನ ಹಿಂದೆ ಕಪ್ಪು ಬಟ್ಟೆ ಹಿಡಿಯಲು ಒಬ್ಬರು ಬೇಕು. ಇಲ್ಲದಿದ್ದರೆ ಮದುಮಕ್ಕಳ ನಡುವೆ ಮಗನೂ ನಿಂತಿರುತ್ತಾನೆ.

ಎಂಬತ್ತರ ದಶಕದ ಬಣ್ಣದ ಚಿತ್ರಗಳೆಲ್ಲ ಕೆಂಪಾಗಿವೆ. ಆ ಕಾಲದ ಕಾಗದದಲ್ಲಿ ನೀಲಿ ಬಣ್ಣ ಪೆಟ್ಟಿಗೆಯ ಕತ್ತಲೆಯಲ್ಲೂ ಮಾಸುತ್ತದಂತೆ. ಹಾಗಾಗಿ ನಮ್ಮ ಬಾಲ್ಯವೆಲ್ಲ ಸದಾ ಸಂಜೆಯ ಹೊತ್ತಿನಂತೆ ಕಾಣುತ್ತದೆ, ಬೆಳ್ಳಿಯಲ್ಲಿ ಮೂಡಿದ ಕಪ್ಪು ಬಿಳುಪಿನ ಮದುವೆಯೇ ಗಟ್ಟಿ. ಆ ಬಣ್ಣದ ಚಿತ್ರಗಳಲ್ಲಿ ಅಪ್ಪಯ್ಯ ಇದ್ದರೆ ಅಮ್ಮ ಇಲ್ಲ. ಹಬ್ಬ, ನಾಮಕರಣ, ಮನೆ ಒಕ್ಕಲು ಯಾವುದೇ ಇರಲಿ, ಫೋಟೊ ತೆಗೆಯುವ ಹೊತ್ತಿಗೆ ಅಮ್ಮ ಒಲೆಯ ಮುಂದೆ. ಒಂದರ ಅಂಚಿನಲ್ಲಿ ಸೌಟು ಹಿಡಿದ ಬಳೆಗೈ ಮಾತ್ರ ಬಂದಿದೆ. ಅಕ್ಕ ಅದನ್ನೂ ಬಿಡಲಿಲ್ಲ, ದೊಡ್ಡದು ಮಾಡಿ ಹಾಕಿದಳು.

ಮಾತು ಬರೆದದ್ದೂ ಅಕ್ಕನೇ. ಫೋಟೊ ಇಲ್ಲದ ವರ್ಷಗಳಿಗೆ ಕಾಗದ ಪತ್ರ ಹಾಕಿದಳು. ಅದರಲ್ಲಿ ಮುಖ್ಯವಾದದ್ದು ಅಜ್ಜ ಗೇಣಿ ಜಮೀನಿಗೆ ಕೊಟ್ಟ ಏಳನೇ ನಮೂನೆಯ ಅರ್ಜಿ, ನಮ್ಮೂರಿನ ಬಾಯಲ್ಲಿ ಡಿಕ್ಲರೇಶನ್ನು. 1974ರ ಮಾರ್ಚ್ ಒಂದರಿಂದ ಜಾರಿಗೆ ಬಂದ ಭೂಸುಧಾರಣೆಯಿಂದ ಗೇಣಿ ಗದ್ದೆ ನಮ್ಮದಾಗುವ ಆಸೆ ಹುಟ್ಟಿತ್ತು. ಆ ಆಸೆಯ ಬಲದ ಮೇಲೆ ಹೆಣ್ಣು ಕೇಳಿದ್ದು. ಅಕ್ಕನ ಸಾಲು ಹೀಗಿತ್ತು: "ಗದ್ದೆ ಇನ್ನೂ ನಮ್ಮದಾಗಿರಲಿಲ್ಲ. ಅಮ್ಮ ಆಗಲೇ ನಾಟಿಗೆ ಇಳಿದಿದ್ದರು." ಒಂದು ಚಿತ್ರಕ್ಕೆ ಎರಡು ಸಾಲಿಗಿಂತ ಹೆಚ್ಚು ಬೇಡ ಎಂದು ಅವಳೇ ನಿಯಮ ಮಾಡಿದ್ದಳು. ಒಬ್ಬಿಬ್ಬರ ಚಿತ್ರಕ್ಕೆ ಆರು ಸೆಕೆಂಡು, ಗುಂಪಿನ ಚಿತ್ರಕ್ಕೆ ಹತ್ತು. ಗುಂಪಿನಲ್ಲಿ ಪ್ರತಿಯೊಬ್ಬರೂ ಮೊದಲು ತಮ್ಮನ್ನು ಹುಡುಕಿಕೊಳ್ಳಬೇಕಲ್ಲ. ಎಲ್ಲ ಸೇರಿ ಹನ್ನೆರಡು ನಿಮಿಷ.

ಅಕ್ಕನ ಕಂಪ್ಯೂಟರಿನಲ್ಲಿ ಸರಿಯಿದ್ದ ಕನ್ನಡ ಅಳಿಯನ ಲ್ಯಾಪ್‌ಟಾಪಿನಲ್ಲಿ ಒತ್ತು ಕಳಚಿ, ದೀರ್ಘ ಚೆದುರಿ, ಯಾರದೋ ಶಾಪದಂತೆ ಕಂಡಿತು. ಹಳೆಯ ಅಕ್ಷರಶೈಲಿ ಆ ಯಂತ್ರದಲ್ಲಿ ಇಲ್ಲದಿದ್ದರೆ ಹೀಗಾಗುತ್ತದೆ. ಬರಹದ ಸ್ಲೈಡುಗಳನ್ನೆಲ್ಲ ಚಿತ್ರವಾಗಿ ಉಳಿಸಿ ಹಾಕಿದಾಗ ಅಕ್ಷರಗಳು ಮತ್ತೆ ಎದ್ದು ನಿಂತವು. ಇನ್ನು ಮೇ ತಿಂಗಳ ಅಡ್ಡಮಳೆ. ಒಂದು ಗುಡುಗಿಗೆ ನಮ್ಮಲ್ಲಿ ಕರೆಂಟು ಹೋಗುತ್ತದೆ. ಬಾಡಿಗೆ ಪ್ರೊಜೆಕ್ಟರಿನ ಬೆಳಕು ಹಗಲಲ್ಲಿ ಕಾಣುವುದೂ ಇಲ್ಲ. ಆದ್ದರಿಂದ ಏಳೂವರೆ ಗಂಟೆಗೆ, ಇನ್ವರ್ಟರಿನ ಮೇಲೆ, ಜಗಲಿಯ ಗೋಡೆಗೆ ಕಟ್ಟಿದ ಅಪ್ಪಯ್ಯನ ಬಿಳಿ ಪಂಚೆಯ ಮೇಲೆ ಶುರುವಾಯಿತು.

ಮದುವೆಯ ಚಿತ್ರ ಬಂತು. ಅಕ್ಕ ಬರೆದದ್ದನ್ನು ಓದಲು ಬಾಯಿ ತೆರೆಯುವಷ್ಟರಲ್ಲಿ ಅಮ್ಮ, "ನಿಲ್ಸೋ ಅದನ್ನ" ಎಂದರು. ಅವರು ನೋಡುತ್ತಿದ್ದುದು ಗಂಡನನ್ನಲ್ಲ, ತಮ್ಮನ್ನೂ ಅಲ್ಲ. ಹಿಂದಿನ ಗೋಡೆಯ ಹಸೆ ಚಿತ್ತಾರವನ್ನು. ದೀವರ ಮದುವೆಯಲ್ಲಿ ಅದಿಲ್ಲದೆ ಹಸೆ ಏರುವಂತಿಲ್ಲ. "ದೊಡ್ಡಮ್ಮ ಬರ್ದದ್ದು. ಕೆಮ್ಮಣ್ಣು ಬಳಿದು, ಅಕ್ಕಿ ಹಿಟ್ಟಿನ ಬಿಳಿ. ಇಲ್ಲಿ ಹಳದಿ ಇತ್ತು, ಗುರಿಗೆ ಕಾಯಿದು. ಕಪ್ಪಿಗೆ ಅಕ್ಕಿ ಹುರ್ದಿದ್ವಿ, ನಾನೇ ಹುರ್ದದ್ದು." ಕಪ್ಪು ಬಿಳುಪಿನ ಪಂಚೆಯ ಮೇಲೆ ಬೆರಳಿಟ್ಟು ಅವರು ಬಣ್ಣ ತುಂಬುತ್ತ ಹೋದರು. ನೆರಳು ಬಿದ್ದರೂ ಯಾರೂ ಸರಿಯಿರಿ ಎನ್ನಲಿಲ್ಲ.

ಅಲ್ಲಿಂದ ಮುಂದೆ ಸೆಕೆಂಡಿನ ಲೆಕ್ಕ ಸತ್ತಿತು. ಸ್ಲೈಡ್ ಶೋ ನಡೆಯುವಾಗ B ಒತ್ತಿದರೆ ಪರದೆ ಕಪ್ಪಾಗುತ್ತದೆ, ಮತ್ತೆ ಒತ್ತಿದರೆ ಬಿಟ್ಟ ಜಾಗಕ್ಕೇ ಬರುತ್ತದೆ. ಇಂಥ ಕಾರ್ಯಕ್ರಮ ಮಾಡುವವರು ಹಾಡು, ಹೂವಿನ ಅಂಚು, ಹಾರುವ ಅಕ್ಷರಗಳಿಗಿಂತ ಆ ಒಂದು ಕೀಲಿಯನ್ನು ಕಲಿತರೆ ಸಾಕು ಎಂಬುದು ನನ್ನ ಮತ. ಕೋಟಿನವರು ಯಾರೆಂದೂ ಗೊತ್ತಾಯಿತು: ಯಾರೂ ಅಲ್ಲ, ಬೇರೆ ಮದುವೆಗೆ ಹೊರಟು ದಾರಿ ತಪ್ಪಿ ಬಂದು ಊಟ ಮಾಡಿ ಹೋದವರು.

ಕೊನೆಗೆ 'ಮಯೂರ' ಚಿತ್ರದ ಭಿತ್ತಿಪತ್ರ. ಅದೇ ವರ್ಷ ಬಿಡುಗಡೆಯಾದದ್ದು, ನಮ್ಮ ಬನವಾಸಿಯ ಕಥೆ, ರಾಜಕುಮಾರ್ ಬೇರೆ. ಅಕ್ಕನ ಸಾಲು: "ಮದುವೆಯಾದ ಮೇಲೆ ಇಬ್ಬರೂ ಸಾಗರದಲ್ಲಿ ನೋಡಿದ ಮೊದಲ ಸಿನಿಮಾ."

"ನೋಡಿದ್ದೆಲ್ಲಿ?" ಅಮ್ಮ ತಿರುಗಿದರು. "ಕೊನೇ ಬಸ್ಸು ತಪ್ತದೆ ಅಂತ ಮಧ್ಯಂತರಕ್ಕೇ ಎಬ್ಸ್ಕಂಡು ಬಂದ್ರು ಇವ್ರು. ಮುಂದೆ ಎಂತ ಆಯ್ತು ಅಂತ ನಂಗೆ ಇವತ್ತಿಗೂ ಗೊತ್ತಿಲ್ಲ."

"ಬಸ್ಸು ಸಿಕ್ತಲ್ಲ?" ಎಂದರು ಅಪ್ಪಯ್ಯ.

ಧನ್ಯವಾದದ ಸ್ಲೈಡು ಬರಲೇ ಇಲ್ಲ. ಅಳಿಯ ಮೊಬೈಲಿನಲ್ಲಿ ಸಿನಿಮಾ ಹುಡುಕಿ ಪ್ರೊಜೆಕ್ಟರಿಗೆ ಸಿಕ್ಕಿಸಿದ. ಅಡಿಗೆಯವರು ಕಡುಬು ಆರುತ್ತದೆಂದು ಗೊಣಗುತ್ತ ಬಂದವರು ತಾವೂ ಕೂತರು.

"ಮಧ್ಯಂತರದಿಂದ ಹಾಕೋ" ಎಂದರು ಅಮ್ಮ.

"ಬ್ಯಾಡ, ಮೊದ್ಲಿಂದ ಹಾಕು" ಎಂದರು ಅಪ್ಪಯ್ಯ. "ನಾ ಆವತ್ತು ಬಸ್ಸಿನ ಗಂಟೆ ನೋಡ್ತಾ ಕೂತಿದ್ದೆ, ಎಂತದೂ ನೋಡಿಲ್ಲ."